ರೆಕಾರ್ಡ್ ಆದ ಸಭೆಯ ಪರದೆಯಿಂದ ಕೋಷ್ಟಕ ತೆಗೆಯುವುದು: ಟೆಸೆರಾಕ್ಟ್‌ನೊಂದಿಗೆ ಎರಡು ವರ್ಷ

ನಾನು ಒಂದು ಸಂಸ್ಥೆಯ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ನಮ್ಮ ಬಜೆಟ್ ಸಭೆಗಳು ಆನ್‌ಲೈನಿನಲ್ಲಿ ನಡೆಯುತ್ತವೆ. ಸ್ಪ್ರೆಡ್‌ಶೀಟನ್ನು ಪರದೆಯ ಮೇಲೆ ಹಂಚಿಕೊಂಡವರು ಚರ್ಚೆ ಸಾಗಿದಂತೆ ಅಂಕಿಗಳನ್ನು ತಿದ್ದುತ್ತಾ ಹೋಗುತ್ತಾರೆ. ಆ ಹೊತ್ತಿಗೆ ಎಲ್ಲರೂ ಒಪ್ಪಿದ ಅಂಕಿ ಯಾವುದಿತ್ತು ಎಂಬುದು ಎಷ್ಟೋ ಸಲ ವಿಡಿಯೊದಲ್ಲಿ ಮಾತ್ರ ಉಳಿದಿರುತ್ತದೆ. ಅದನ್ನು ಹೊರತೆಗೆಯಲು ಎರಡು ವರ್ಷಗಳಿಂದ ವಿಡಿಯೊದಿಂದ ಚಿತ್ರ ತೆಗೆಯುವ ಎಫ್‌ಎಫ್‌ಎಂಪೆಗ್ ಮತ್ತು ಚಿತ್ರದಲ್ಲಿರುವ ಅಕ್ಷರ, ಅಂಕಿಗಳನ್ನು ಓದುವ ಟೆಸೆರಾಕ್ಟ್ ಎಂಬ ಎರಡು ಮುಕ್ತ ತಂತ್ರಾಂಶಗಳನ್ನು ಬಳಸುತ್ತಿದ್ದೇನೆ. ಎರಡೂ ನನ್ನ ಕಂಪ್ಯೂಟರಿನಲ್ಲೇ ಓಡುವುದರಿಂದ ಸಂಬಳದ ವಿವರಗಳಿರುವ ಪರದೆಯನ್ನು ಹೊರಗಿನ ಯಾವ ಸರ್ವರಿಗೂ ಕಳುಹಿಸಬೇಕಾಗಿಲ್ಲ ಎಂಬುದೇ ಇವನ್ನು ಆರಿಸಿಕೊಳ್ಳಲು ಮೊದಲ ಕಾರಣ.

ಮೊದಲ ಕೆಲವು ತಿಂಗಳು ನಾನು ತಪ್ಪು ಚೌಕಟ್ಟುಗಳನ್ನು ಆರಿಸುತ್ತಿದ್ದೆ. ದೃಶ್ಯ ಬದಲಾದಾಗಲೆಲ್ಲ ಒಂದು ಚಿತ್ರ ತೆಗೆಯುವ ಸೌಲಭ್ಯ ಎಫ್‌ಎಫ್‌ಎಂಪೆಗ್‌ನಲ್ಲಿದೆ. ಆದರೆ ಒಂದು ಕೋಶದಲ್ಲಿ ಒಂದು ಅಂಕಿ ಬದಲಾದರೆ ಇಡೀ ಪರದೆಯ ಲೆಕ್ಕದಲ್ಲಿ ಅದು ಬಹಳ ಚಿಕ್ಕ ಬದಲಾವಣೆಯಾದ್ದರಿಂದ ಆ ಸೌಲಭ್ಯಕ್ಕೆ ಅದು ಕಾಣಿಸುವುದೇ ಇಲ್ಲ. ಆದ್ದರಿಂದ ಈಗ ಬೇಕಾದ ನಿಮಿಷವನ್ನು ಕಣ್ಣಿನಿಂದಲೇ ಗುರುತಿಸಿ, ಸೆಕೆಂಡಿಗೊಂದು ಚಿತ್ರ ತೆಗೆದು, ಅಂಕಿಗಳ ಕಾಲಂ ಇರುವ ಭಾಗವನ್ನಷ್ಟೇ ಕತ್ತರಿಸಿ ಮೂರು ಪಟ್ಟು ಹಿಗ್ಗಿಸುತ್ತೇನೆ:

```
ffmpeg -ss 00:42:10 -i sabhe.mp4 -t 60 -vf "fps=1,crop=300:600:520:180,scale=iw*3:-1" k_%03d.png
```

ಈ ಅರವತ್ತು ಚಿತ್ರಗಳೂ ಒಂದೇ ಗುಣಮಟ್ಟದವಲ್ಲ. ಹಾಳೆಯನ್ನು ಸರಿಸಿದ ಕೂಡಲೇ ವಿಡಿಯೊ ಮಸುಕಾಗುತ್ತದೆ. ಪರದೆ ನಿಂತ ಮೇಲೆ ಒಂದೆರಡು ಸೆಕೆಂಡುಗಳಲ್ಲಿ ಅಕ್ಷರಗಳು ಕ್ರಮೇಣ ಸ್ಪಷ್ಟವಾಗುತ್ತವೆ. ಹಾಗಾಗಿ ಪರದೆ ನಿಂತ ನಂತರದ ಮೂರನೆಯ ಅಥವಾ ನಾಲ್ಕನೆಯ ಚಿತ್ರವನ್ನು ತೆಗೆದುಕೊಳ್ಳುವುದು ನನ್ನ ರೂಢಿ. ಬಣ್ಣದ ಹಿನ್ನೆಲೆಯ ಮೇಲಿನ ಕೆಂಪು ಅಂಕಿಗಳು ಮಾತ್ರ ಎಷ್ಟು ಕಾದರೂ ತಿಳಿಯಾಗುವುದಿಲ್ಲ, ಏಕೆಂದರೆ ಸಾಮಾನ್ಯ ವಿಡಿಯೊದಲ್ಲಿ ಬಣ್ಣದ ಮಾಹಿತಿಯನ್ನು ಬೆಳಕಿನ ಮಾಹಿತಿಗಿಂತ ಕಡಿಮೆ ವಿವರದಲ್ಲಿ ಉಳಿಸಲಾಗುತ್ತದೆ. ಅಂಥವನ್ನು ನಾನು ಕೈಯಿಂದಲೇ ಬರೆದುಕೊಳ್ಳುತ್ತೇನೆ.

ಓದಿಸುವ ಆದೇಶ ಇದು:

```
tesseract k_017.png stdout --psm 6 -c "tessedit_char_whitelist=0123456789,.-()" tsv
```

ಅಂಕಿಗಳ ಕಾಲಮಿಗೆ ಅಕ್ಷರಗಳನ್ನು ಹೀಗೆ ಸೀಮಿತಗೊಳಿಸಿದರೆ ಸೊನ್ನೆಯ ಜಾಗದಲ್ಲಿ ಇಂಗ್ಲಿಷಿನ ಓ ಬರುವುದು ನಿಲ್ಲುತ್ತದೆ. ಕನ್ನಡದಲ್ಲಿರುವ ಬಾಬ್ತುಗಳ ಹೆಸರನ್ನು ಬೇರೆಯಾಗಿ ಕತ್ತರಿಸಿ `-l kan` ಕೊಟ್ಟು ಓದಿಸುತ್ತೇನೆ. ಪ್ರತಿ ಪದದ ಜೊತೆ ಬರುವ `conf` ಎಂಬ ಭರವಸೆಯ ಅಂಕವನ್ನು ಮೊದಲು ಬಹಳ ನಂಬಿದ್ದೆ. ತಪ್ಪು ಓದಿಗೂ 90ಕ್ಕಿಂತ ಹೆಚ್ಚು ಅಂಕ ಬರುವುದನ್ನು ಕಂಡ ಮೇಲೆ ಅದರ ಮೇಲೆ ನಿರ್ಧಾರ ಮಾಡುವುದನ್ನು ಬಿಟ್ಟೆ.

ಈಗ ನಾನು ನಂಬುವುದು ಹಾಳೆಯಲ್ಲೇ ಇರುವ ಮೊತ್ತವನ್ನು. ಒಮ್ಮೆ ಐದು ಸಾಲುಗಳ ಕಾಲಂ 1,24,500, 36,300, 2,13,750, 97,650 ಮತ್ತು 58,800 ಎಂದು ಬಂತು. ಕೂಡಿದರೆ 5,31,000, ಪರದೆಯ ಮೇಲಿದ್ದ ಮೊತ್ತ 5,81,000. ವ್ಯತ್ಯಾಸ ಸರಿಯಾಗಿ 50,000 ಆದ್ದರಿಂದ ಯಾವುದೋ ಸಾಲಿನ ಹತ್ತು ಸಾವಿರದ ಸ್ಥಾನದಲ್ಲಿ ಐದು ಕಡಿಮೆಯಾಗಿರಬೇಕು. ಮಸುಕಾದ 8 ಸುಲಭವಾಗಿ 3 ಆಗುವುದರಿಂದ ಮೊದಲು ಎರಡನೆಯ ಸಾಲನ್ನು ಚಿತ್ರದಲ್ಲಿ ನೋಡಿದೆ, ಅಲ್ಲಿದ್ದದ್ದು 86,300. ಎರಡು ತಪ್ಪುಗಳು ಒಂದನ್ನೊಂದು ಸರಿದೂಗಿಸಿದರೆ ಈ ಪರೀಕ್ಷೆ ಸೋಲುತ್ತದೆ, ಆದ್ದರಿಂದ ಅಡ್ಡ ಮೊತ್ತ ಇದ್ದಲ್ಲಿ ಅದನ್ನೂ ಕೂಡಿ ನೋಡುತ್ತೇನೆ.

ಓದು ಸರಿಯಿದ್ದೂ ಮೊತ್ತ ಹೊಂದದಿರುವುದೂ ಉಂಟು, ಮತ್ತು ಅರ್ಧ ದಿನ ಕಳೆದು ನಾನು ಕಲಿತದ್ದು ಅದನ್ನೇ. ಆ ಸಲ ಹಾಳೆಯ ಎಡ ಅಂಚಿನ ಸಾಲುಸಂಖ್ಯೆ 14ರಿಂದ ನೇರವಾಗಿ 19ಕ್ಕೆ ಹಾರಿತ್ತು. ಫಿಲ್ಟರ್ ಹಾಕಿ ಮರೆಮಾಡಿದ್ದ ನಾಲ್ಕು ಸಾಲುಗಳನ್ನೂ `SUM` ಸೂತ್ರ ಕೂಡಿಕೊಂಡಿತ್ತು. `SUBTOTAL` ಬಳಸಿದ್ದರೆ ಕಾಣುವ ಸಾಲುಗಳಷ್ಟೇ ಲೆಕ್ಕಕ್ಕೆ ಬರುತ್ತಿದ್ದವು. ಅಂದಿನಿಂದ ಕತ್ತರಿಸಿದ ಚಿತ್ರದ ಜೊತೆಗೆ ಸಾಲುಸಂಖ್ಯೆಗಳು ಕಾಣುವ ಪೂರ್ಣ ಚಿತ್ರವನ್ನೂ ತಪ್ಪದೆ ಇಟ್ಟುಕೊಳ್ಳುತ್ತೇನೆ. ರೂಪಾಯಿಗೆ ದುಂಡಾಗಿಸಿ ತೋರಿಸಿದ ಕಾಲಮಿನಲ್ಲಿ ಒಂದೆರಡು ರೂಪಾಯಿ ವ್ಯತ್ಯಾಸ ಬರುವುದು ಸಹಜ. ಅದನ್ನು ತಿದ್ದಲು ಹೋಗುವುದಿಲ್ಲ.

ಡ್ಯಾಶ್‌ಬೋರ್ಡಿನ ನಕ್ಷೆಗಳಲ್ಲಿ ಕಂಬದ ಮೇಲೆ ಅಂಕಿ ಬರೆದಿದ್ದರೆ ಮಾತ್ರ ಈ ವಿಧಾನ ಕೆಲಸಕ್ಕೆ ಬರುತ್ತದೆ. ಬರೆದಿಲ್ಲದಿದ್ದರೆ ಕಂಬದ ಎತ್ತರವನ್ನು ಅಳೆದು ಅಂದಾಜು ಮಾಡಬಹುದು. ಆದರೆ ಅಕ್ಷದ 0ಯಿಂದ 10 ಲಕ್ಷದವರೆಗಿನ ಅಂತರ ಪರದೆಯಲ್ಲಿ 400 ಪಿಕ್ಸೆಲ್ ಇದ್ದರೆ ಒಂದು ಪಿಕ್ಸೆಲ್ಲಿಗೇ 2,500 ರೂಪಾಯಿ ಆಗುತ್ತದೆ. ಅಂಥ ಅಂಕಿಯನ್ನು ನಡಾವಳಿಯಲ್ಲಿ ಬರೆಯುವಾಗ ‘ಅಂದಾಜು’ ಎಂಬ ಪದವನ್ನು ಅದರ ಪಕ್ಕದಲ್ಲೇ ಸೇರಿಸುತ್ತೇನೆ.