ಒಂದೇ ಸಿಟ್ಟು, ಮೂರು ಧ್ಯಾನ: ಎಂಟು ವಾರದ ಕೋರ್ಸು, ಹತ್ತು ದಿನದ ಶಿಬಿರ, ಮುಂಡಗೋಡದ ಗೆಶೆ

ಆ ವರ್ಷ ಮಳೆಗಾಲ ಶುರುವಾಗುವ ಹೊತ್ತಿಗೆ ನನಗೆ ಐದು ತಿಂಗಳ ಗೌರವಧನ ಬರಬೇಕಿತ್ತು. ಅತಿಥಿ ಉಪನ್ಯಾಸಕಿ ಅಂದಮೇಲೆ ಇದೇನು ಹೊಸದಲ್ಲ. ಆದರೆ ಅದೇ ತಿಂಗಳು ಕಾಲೇಜಿನವರು ಸಿಬ್ಬಂದಿಗೆಲ್ಲ ಒಂದು ದಿನದ ಮೈಂಡ್‌ಫುಲ್‌ನೆಸ್ ಕಾರ್ಯಾಗಾರ ಇಟ್ಟರು. ಹೊರಗಿಂದ ಬಂದ ತರಬೇತುದಾರರು ನಮ್ಮೆಲ್ಲರ ಕಣ್ಣು ಮುಚ್ಚಿಸಿ, ಒತ್ತಡ ಹೊರಗಿಲ್ಲ, ನಿಮ್ಮೊಳಗೇ ಇದೆ ಅಂದರು. ಪಕ್ಕದಲ್ಲಿ ಕೂತಿದ್ದ ಇತಿಹಾಸದ ಮೇಡಂ ಮೆಲ್ಲಗೆ, ‘ಸಂಬಳವೂ ನಮ್ಮೊಳಗೇ ಇರ್ಬೇಕು, ಹುಡುಕಿ ನೋಡೋಣ’ ಅಂದರು. ನನಗೆ ನಗು ಬರಲಿಲ್ಲ, ಸಿಟ್ಟು ಬಂತು.

ಆಗ ನಾನು ದೂರಶಿಕ್ಷಣದಲ್ಲಿ ಎರಡನೇ ಎಂ.ಎ. ಮಾಡುತ್ತಿದ್ದೆ. ‘ಧರ್ಮ ಮತ್ತು ಆಧುನಿಕತೆ’ ಪತ್ರಿಕೆಗೆ ಒಂದು ಪ್ರಬಂಧ ಬರೆಯಬೇಕಿತ್ತು. ಬೌದ್ಧ ಚೌಕಟ್ಟಿನಿಂದ ಬಿಡಿಸಿಕೊಂಡು ಬಂದ ಧ್ಯಾನದ ಬಗ್ಗೆಯೇ ಬರೆಯೋಣ ಅಂದುಕೊಂಡೆ. ಬರೀ ಓದಿ ಬರೆಯುವ ಬದಲು ಮೂರು ಕಡೆ ಕೂತು ನೋಡಿದೆ. ಮೂರಕ್ಕೂ ಒಯ್ದದ್ದು ಒಂದೇ ವಸ್ತು, ಆ ಐದು ತಿಂಗಳ ಸಿಟ್ಟು.

ಮೊದಲನೆಯದು ಎಂಟು ವಾರದ ಆನ್‌ಲೈನ್ ಕೋರ್ಸು. ಇದರ ಮೂಲ ಜಾನ್ ಕಬಾಟ್-ಜಿನ್ 1979ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ಶುರು ಮಾಡಿದ ಒತ್ತಡ ನಿವಾರಣೆಯ ಕ್ಲಿನಿಕ್ಕು. ವಾರಕ್ಕೊಂದು ಎರಡೂವರೆ ತಾಸಿನ ತರಗತಿ, ದಿನಾ ಮನೆಯಲ್ಲಿ ಮುಕ್ಕಾಲು ತಾಸು ಅಭ್ಯಾಸ, ಕೊನೆಯ ವಾರಗಳಲ್ಲಿ ಒಂದು ಇಡೀ ದಿನದ ಮೌನ. ಶುಲ್ಕ ನನ್ನ ಒಂದು ತಿಂಗಳ ಗೌರವಧನದ ಅರ್ಧ. ಅಂದರೆ ಬಾರದ ದುಡ್ಡಿನ ಅರ್ಧ!

ಮೊದಲ ತರಗತಿಯಲ್ಲಿ ಒಂದು ಒಣದ್ರಾಕ್ಷಿಯನ್ನು ಹತ್ತು ನಿಮಿಷ ತಿನ್ನಬೇಕು. ಹಿಡಿದು ನೋಡಬೇಕು, ಮೂಸಬೇಕು, ಕಿವಿಯ ಹತ್ತಿರ ತಿರುಗಿಸಬೇಕು, ನಾಲಿಗೆ ಮೇಲಿಟ್ಟು ಕಾಯಬೇಕು. ಜಗುಲಿಯಲ್ಲಿ ಕೂತು ಕಣ್ಣುಮುಚ್ಚಿ ಅಗಿಯುತ್ತಿದ್ದವಳನ್ನು ನೋಡಿ ಆಯಿ, ‘ಎಂತ ಆತೇ, ಹಲ್ಲು ನೋವಾ?’ ಅಂದಳು. ಎರಡನೇ ವಾರದಿಂದ ಬಾಡಿ ಸ್ಕ್ಯಾನ್. ಮಲಗಿಕೊಂಡು ಎಡಗಾಲ ಬೆರಳಿನಿಂದ ನೆತ್ತಿಯವರೆಗೆ ಗಮನ ಒಯ್ಯುವುದು. ಇದು ಕೆಲಸ ಮಾಡುತ್ತದೆ, ಸುಳ್ಳು ಹೇಳಬಾರದು. ರಾತ್ರಿ ಎರಡು ಗಂಟೆಗೆ ಎಚ್ಚರಾಗಿ ಲೆಕ್ಕ ಹಾಕುವ ಚಟ ಒಂದು ತಿಂಗಳಲ್ಲಿ ಬಿಟ್ಟುಹೋಯಿತು.

ಸಿಟ್ಟಿನ ವಿಷಯ ಐದನೇ ವಾರ ಎತ್ತಿದೆ. ಶಿಕ್ಷಕಿ ಒಳ್ಳೆಯವರು, ಗಡಿಬಿಡಿಯಿಲ್ಲದೆ ಕೇಳಿದರು. ‘ಸಿಟ್ಟು ಇದೆ ಅಂತ ಗಮನಿಸಿ. ದೇಹದಲ್ಲಿ ಎಲ್ಲಿದೆ ನೋಡಿ. ಸರಿ ತಪ್ಪು ಅಂತ ತೀರ್ಪು ಕೊಡಬೇಡಿ’ ಅಂದರು. ಸಿಟ್ಟು ಎದೆಯಲ್ಲಿತ್ತು, ಸ್ವಲ್ಪ ದವಡೆಯಲ್ಲಿ. ನೋಡಿದೆ. ಕರಗಿತು. ‘ಆದರೆ ಅದು ಬರಬೇಕಾದ ಸಿಟ್ಟೇ ಅಲ್ವಾ?’ ಅಂತ ಕೇಳಿದೆ. ‘ಆ ಪ್ರಶ್ನೆಯೂ ಒಂದು ಯೋಚನೆ, ಅದನ್ನೂ ಗಮನಿಸಿ’ ಅಂದರು. ಅಲ್ಲಿಗೆ ಮುಗಿಯಿತು. ಈ ಪದ್ಧತಿಯಲ್ಲಿ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ, ಪ್ರಶ್ನೆ ಮೋಡದ ಹಾಗೆ ತೇಲಿ ಹೋಗುತ್ತದೆ.

ಎರಡನೆಯದು ಬೆಂಗಳೂರಿನ ಹೊರಗೆ ಹತ್ತು ದಿನದ ವಿಪಸ್ಸನ ಶಿಬಿರ, ಸತ್ಯನಾರಾಯಣ ಗೋಯಂಕಾ ಅವರ ಪದ್ಧತಿಯದು. ದುಡ್ಡು ಕೇಳುವುದಿಲ್ಲ, ಮುಗಿದ ಮೇಲೆ ಕೈಲಾದ ದಾನ. ಬೆಳಿಗ್ಗೆ ನಾಲ್ಕಕ್ಕೆ ಗಂಟೆ. ಆರೂವರೆಗೆ ತಿಂಡಿ, ಹನ್ನೊಂದಕ್ಕೆ ಊಟ, ಸಂಜೆ ಐದಕ್ಕೆ ಚಹಾ ಮತ್ತು ಹಣ್ಣು, ಅಷ್ಟೇ. ಮಾತಿಲ್ಲ, ಫೋನಿಲ್ಲ, ಪುಸ್ತಕವಿಲ್ಲ. ಮೂರು ದಿನ ಬರೀ ಮೂಗಿನ ಹತ್ತಿರದ ಉಸಿರು ನೋಡುವುದು. ನಾಲ್ಕನೇ ದಿನದಿಂದ ಮೈಯ ಸಂವೇದನೆ ನೋಡುತ್ತ ದಿನಕ್ಕೆ ಮೂರು ಸಲ ಒಂದು ತಾಸು ಕದಲದೆ ಕೂರುವುದು.

ಇಲ್ಲಿ ಗಮ್ಮತ್ತಿನ ಸಂಗತಿ ಒಂದಿದೆ. ಇದು ಯಾವ ಮತಕ್ಕೂ ಸೇರಿದ್ದಲ್ಲ, ಎಲ್ಲರಿಗೂ ಸಲ್ಲುವ ಧಮ್ಮ ಅನ್ನುತ್ತಾರೆ. ಆದರೆ ಶುರುವಾಗುವುದು ಬುದ್ಧ, ಧಮ್ಮ, ಸಂಘಕ್ಕೆ ಶರಣು ಹೋಗುವುದರಿಂದ. ಕೊಲ್ಲಬಾರದು, ಕದಿಯಬಾರದು, ಸುಳ್ಳಾಡಬಾರದು ಅನ್ನುವ ಪಂಚಶೀಲವನ್ನು ಒಪ್ಪಿಕೊಳ್ಳಬೇಕು. ಬೆಳಿಗ್ಗೆ ಸಂಜೆ ಪಾಳಿ ಪಠಣವೂ ಉಂಟು. ಆನ್‌ಲೈನ್ ಕೋರ್ಸಿನಲ್ಲಿ ಸುಳ್ಳು ಹೇಳಬೇಡ ಅಂತ ನನಗೆ ಯಾರೂ ಹೇಳಿರಲಿಲ್ಲ. ಇಲ್ಲಿ ಉಸಿರಿಗಿಂತ ಮೊದಲು ಅದೇ ಬಂತು.

ಆರನೇ ದಿನ ನನಗೆ ತೊಂದರೆ ಆಯಿತು. ನಿದ್ದೆ ಪೂರ್ತಿ ಹೋಯಿತು, ಎದೆ ಡವಡವ, ಕಾರಣವಿಲ್ಲದೆ ಹೆದರಿಕೆ. ಸಹಾಯಕ ಆಚಾರ್ಯರಿಗೆ ಹೇಳಿದೆ. ತಲೆ, ಎದೆ ಬಿಟ್ಟು ಅಂಗೈ ಅಂಗಾಲಿನ ಕಡೆ ಮಾತ್ರ ಗಮನ ಇಡು ಅಂದರು. ಎರಡು ದಿನದಲ್ಲಿ ತಹಬಂದಿಗೆ ಬಂತು. ಎಲ್ಲರಿಗೂ ಹೀಗೆ ಬರಲಿಕ್ಕಿಲ್ಲ. ಧ್ಯಾನ ಮಾಡುವವರಿಗೆ ಇಂಥ ಭಯ, ನಿದ್ರಾಹೀನತೆ ಬರುವುದನ್ನು ಅಮೆರಿಕದ ಸಂಶೋಧಕಿ ವಿಲೋಬಿ ಬ್ರಿಟನ್ ಮತ್ತವರ ಜೊತೆಗಾರರು 2017ರಲ್ಲಿ ಸಂದರ್ಶನಗಳ ಮೂಲಕ ದಾಖಲಿಸಿದ್ದಾರೆ. ಎರಡು ರಾತ್ರಿ ಸತತ ನಿದ್ದೆ ಇಲ್ಲ, ಆದರೂ ಸುಸ್ತಿಲ್ಲ ಅನ್ನಿಸಿದರೆ ಅದನ್ನು ಪ್ರಗತಿ ಅಂದುಕೊಳ್ಳದೆ ಹೇಳಿಬಿಡಬೇಕು.

ಸಿಟ್ಟಿಗೆ ಇವರ ಉತ್ತರ: ಅದು ಅನಿಚ್ಚ, ಬಂದದ್ದು ಹೋಗುತ್ತದೆ, ಪ್ರತಿಕ್ರಿಯೆ ಕೊಡಬೇಡ. ಕೋರ್ಸಿನ ಉತ್ತರದಂತೆಯೇ ಕೇಳುತ್ತದೆ, ಆದರೆ ಒಂದು ವ್ಯತ್ಯಾಸ ಇದೆ. ಸಿಟ್ಟು ಕೆಟ್ಟದ್ದು ಅಂತ ಇವರು ಮೊದಲೇ ತೀರ್ಮಾನಿಸಿಬಿಟ್ಟಿದ್ದಾರೆ. ಹಾಗಿದ್ದರೂ ನನ್ನ ಪ್ರಶ್ನೆ ಹಾಗೇ ಉಳಿಯಿತು. ಮೌನದಲ್ಲಿ ಕೇಳುವುದಾದರೂ ಯಾರನ್ನು?

ಮೂರನೆಯದಕ್ಕೆ ದೂರ ಹೋಗಬೇಕಿರಲಿಲ್ಲ. ಶಿರಸಿಯಿಂದ ಮುಂಡಗೋಡಿಗೆ ಬಸ್ಸಿನಲ್ಲಿ ಒಂದೂವರೆ ತಾಸು. 1966ರಿಂದ ಅಲ್ಲಿ ಟಿಬೆಟಿಯನ್ ಕ್ಯಾಂಪ್ ಇದೆ. ಡ್ರೆಪುಂಗ್, ಗಾಂದೆನ್ ಮಠಗಳು ಟಿಬೆಟಿನಿಂದ ಬಂದು ಇಲ್ಲಿ ಬೇರುಬಿಟ್ಟಿವೆ. ನಮ್ಮವರು ಅಲ್ಲಿಗೆ ಹೋಗುವುದು ಹೆಚ್ಚಾಗಿ ಮಕ್ಕಳಿಗೆ ದೇವಸ್ಥಾನ ತೋರಿಸಿ ಮೋಮೊ ತಿನ್ನಿಸಲು. ನಾನೂ ಎಷ್ಟೋ ಸಲ ಹೋದದ್ದು ಅಷ್ಟಕ್ಕೇ. ಈ ಸಲ ಪರಿಚಯದವರ ಮೂಲಕ ಒಬ್ಬ ಹಿರಿಯ ಗೆಶೆಯವರನ್ನು, ಅಂದರೆ ಮಠದ ಉನ್ನತ ಪದವಿ ಪಡೆದ ವಿದ್ವಾಂಸ ಭಿಕ್ಷುವನ್ನು, ಆರು ಸಲ ಭೇಟಿಯಾದೆ. ಅವರಿಗೆ ಹಿಂದಿ ಚೆನ್ನಾಗಿ ಬರುತ್ತದೆ, ಕನ್ನಡದಲ್ಲಿ ‘ಕೂತ್ಕೊಳ್ಳಿ’, ‘ಚಾ ಕುಡೀರಿ’.

ಮೊದಲ ದಿನ ಧ್ಯಾನವೇ ಇಲ್ಲ! ಗೋಡೆಯ ಮೇಲಿನ ಚಿತ್ರದ ಮುಂದೆ ನಿಲ್ಲಿಸಿದರು. ಸುತ್ತಿಕೊಂಡು ಮೇಲೆ ಹೋಗುವ ದಾರಿ, ಅದರಲ್ಲೊಂದು ಕಪ್ಪು ಆನೆ. ಆನೆಯನ್ನು ಮಂಗ ಎಳೆಯುತ್ತಿದೆ, ಹಿಂದೆ ಒಬ್ಬ ಭಿಕ್ಷು ಓಡುತ್ತಿದ್ದಾನೆ. ಮೇಲೆ ಹೋದಂತೆ ಆನೆ ತಲೆಯಿಂದ ಶುರುವಾಗಿ ಬೆಳ್ಳಗಾಗುತ್ತದೆ, ಕೊನೆಗೆ ಮಂಗ ಹಿಂದೆ ಬೀಳುತ್ತದೆ. ಆನೆ ಮನಸ್ಸು, ಮಂಗ ಚಂಚಲತೆ. ಭಿಕ್ಷುವಿನ ಒಂದು ಕೈಯಲ್ಲಿ ಹಗ್ಗ, ಇನ್ನೊಂದರಲ್ಲಿ ಅಂಕುಶ. ‘ಹಗ್ಗ ಅಂದರೆ ಡ್ರೆನ್‌ಪ. ನಿಮ್ಮಲ್ಲಿ ಸ್ಮೃತಿ. ನೆನಪು’ ಅಂದರು. ಅಂಕುಶ ಅಂದರೆ ಮನಸ್ಸು ಈಗ ಎಲ್ಲಿದೆ ಅಂತ ಆಗಾಗ ತಪಾಸಣೆ ಮಾಡುವ ಬುದ್ಧಿ.

ನೆನಪು! ನಾನು ಅಲ್ಲೇ ನಿಂತುಬಿಟ್ಟೆ. ಮೈಂಡ್‌ಫುಲ್‌ನೆಸ್ ಅಂದರೆ ಈ ಕ್ಷಣದಲ್ಲಿರುವುದು ಅಂತ ಎಂಟು ವಾರ ಕಲಿತಿದ್ದೆ. ಪಾಳಿಯ ‘ಸತಿ’ ಅನ್ನುವ ಮಾತಿಗೆ ಆ ಇಂಗ್ಲಿಷ್ ಪದ ಕೊಟ್ಟವರು ಪಾಳಿ ವಿದ್ವಾಂಸ ರೀಸ್ ಡೇವಿಡ್ಸ್, 1881ರಲ್ಲಿ. ಆದರೆ ಸತಿ ಅಂದರೆ ಸಂಸ್ಕೃತದ ಸ್ಮೃತಿಯೇ. ಪಾಳಿ ಬೌದ್ಧ ಗ್ರಂಥ ಅಂಗುತ್ತರ ನಿಕಾಯದ ಒಂದು ಉಪದೇಶದಲ್ಲಿ ಅದನ್ನು ಗಡಿಯ ಊರಿನ ಕೋಟೆ ಬಾಗಿಲಿನ ಕಾವಲುಗಾರನಿಗೆ ಹೋಲಿಸಿದ್ದಾರೆ. ಅವನು ಜಾಣ. ಗೊತ್ತಿಲ್ಲದವರನ್ನು ತಡೆಯುತ್ತಾನೆ, ಗೊತ್ತಿದ್ದವರನ್ನು ಒಳಗೆ ಬಿಡುತ್ತಾನೆ. ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಬಂದವರನ್ನೆಲ್ಲ ತೀರ್ಪಿಲ್ಲದೆ ನೋಡುತ್ತ ಕೂರುವವನಲ್ಲ. ತೀರ್ಪು ಕೊಡುವುದೇ ಅವನ ಕೆಲಸ. ನಮ್ಮ ‘ಎಚ್ಚರ’ ಅನ್ನುವ ಪದ ಇದಕ್ಕೆ ಹತ್ತಿರ ಅನ್ನಿಸುತ್ತದೆ. ನಿದ್ದೆ ಇಲ್ಲದಿರುವುದೂ ಎಚ್ಚರವೇ, ನಾಯಿ ಇದೆ ಹುಷಾರು ಅನ್ನುವುದೂ ಎಚ್ಚರವೇ. ಇದನ್ನೇ ಮುಂದಿಟ್ಟು 2011ರಲ್ಲಿ ಜಾರ್ಜ್ ಡ್ರೈಫಸ್, ಈ ಕ್ಷಣ, ತೀರ್ಪಿಲ್ಲದೆ ಅನ್ನುವ ಎರಡೂ ಮಾತು ಹಳೆಯ ಬೌದ್ಧ ವಿವರಣೆಗೆ ಸರಿಯಾಗಿ ಹೊಂದುವುದಿಲ್ಲ ಅಂತ ಬರೆದರು. ಅವರು ಸ್ವತಃ ಗೆಶೆ ಪದವಿ ಪಡೆದವರು.

ಗೆಶೆಯವರಿಗೆ ಸಿಟ್ಟಿನ ಕತೆ ಹೇಳಿದ್ದು ನಾಲ್ಕನೇ ಭೇಟಿಯಲ್ಲಿ. ಅವರು ಸಮಾಧಾನ ಹೇಳಲಿಲ್ಲ. ‘ಎಷ್ಟು ತಿಂಗಳು? ಲಿಖಿತವಾಗಿ ಕೇಳಿದ್ದೀರಾ ಮೇಡಂ?’ ಅಂದರು. ಕೇಳಿರಲಿಲ್ಲ. ಮತ್ತೆ ಒಂದೊಂದೇ ಬಿಡಿಸಿದರು. ದುಡ್ಡು ಬರಬೇಕು ಅನ್ನುವುದು ನಿಜವಾದ ತಿಳಿವಳಿಕೆ, ಅದು ಒಳಗೆ ಬರಲಿ. ದುಡ್ಡು ಕೊಡದ ಮನುಷ್ಯನಿಗೆ ಕೆಟ್ಟದಾಗಲಿ ಅನ್ನುವುದು ಮನಸ್ಸನ್ನು ಕೆಡಿಸುವ ಕ್ಲೇಶ, ಅದನ್ನು ಬಾಗಿಲಲ್ಲೇ ನಿಲ್ಲಿಸಿ. ನೀವು ಎರಡನ್ನೂ ಒಂದೇ ಗಂಟು ಮಾಡಿ ಸಿಟ್ಟು ಅಂತ ಹೆಸರಿಟ್ಟಿದ್ದೀರಿ ಅಂದರು. ಎಂಟು ವಾರ ಗಮನಿಸಿದರೂ ನನಗೆ ಆ ಗಂಟು ಕಂಡಿರಲಿಲ್ಲ.

ಇಷ್ಟಾದರೂ ಮೂರನೆಯದೇ ಗೆದ್ದಿತು ಅಂತ ಬರೆದರೆ ಅದು ಮೋಸ. ಎಲ್ಲ ಅತಿಥಿ ಉಪನ್ಯಾಸಕರೂ ಸೇರಿ ಹೋರಾಟ ಮಾಡಬೇಕಾ ಅಂತ ಕೇಳಿದಾಗ ಗೆಶೆಯವರು ನಕ್ಕು ಕ್ಷಾಂತಿಯ, ಅಂದರೆ ಸಹನೆಯ ಬಗ್ಗೆ ಒಂದು ತಾಸು ಹೇಳಿದರು. ಹೊತ್ತು ಹೋದದ್ದೇ ಗೊತ್ತಾಗಲಿಲ್ಲ, ಕೊನೆಯ ಬಸ್ಸು ತಪ್ಪಿತು. ರೊನಾಲ್ಡ್ ಪರ್ಸರ್ ಮತ್ತು ಡೇವಿಡ್ ಲಾಯ್ 2013ರಲ್ಲಿ ‘ಮ್ಯಾಕ್‌ಮೈಂಡ್‌ಫುಲ್‌ನೆಸ್’ ಅಂತ ಟೀಕಿಸಿದಾಗ ಹೇಳಿದ್ದು, ಕಂಪನಿಗಳು ತಾವೇ ಹುಟ್ಟಿಸಿದ ಒತ್ತಡವನ್ನು ನೌಕರನ ತಲೆಗೆ ಕಟ್ಟಿ ಧ್ಯಾನ ಮಾಡು ಅನ್ನುತ್ತಿವೆ ಅಂತ. ನಮ್ಮ ಕಾರ್ಯಾಗಾರಕ್ಕೆ ಅದು ಅಕ್ಷರಶಃ ಒಪ್ಪುತ್ತದೆ. ಆದರೆ ನೈತಿಕತೆ ವಾಪಸ್ ತಂದರೆ ಸಾಮಾಜಿಕ ನ್ಯಾಯವೂ ಜೊತೆಗೆ ಬರುತ್ತದೆ ಅನ್ನುವ ಅವರ ನಿರೀಕ್ಷೆ ಇದೆಯಲ್ಲ, ಅದೂ ಆಧುನಿಕವೇ. ಮಠದಲ್ಲಿ ನನಗೆ ಶೀಲ ಸಿಕ್ಕಿತು, ಸಂಘಟನೆ ಸಿಗಲಿಲ್ಲ.

ಇನ್ನೊಂದು ತಪ್ಪನ್ನು ಪ್ರಬಂಧದ ಮೊದಲ ಕರಡಿನಲ್ಲಿ ನಾನೂ ಮಾಡಿದ್ದೆ. ಅಮೆರಿಕದವರು 1979ರಲ್ಲಿ ಧ್ಯಾನದಿಂದ ಬೌದ್ಧಧರ್ಮವನ್ನು ಕಿತ್ತು ಹಾಕಿದರು ಅಂತ ಬರೆದಿದ್ದೆ. ಅಷ್ಟು ಸರಳ ಅಲ್ಲ. 1885ರಲ್ಲಿ ಬ್ರಿಟಿಷರು ಬರ್ಮಾದ ಮಾಂಡಲೆ ಹಿಡಿದು ರಾಜನನ್ನು ಇಳಿಸಿದ ಮೇಲೆ, ಧರ್ಮ ಉಳಿಯಬೇಕಾದರೆ ಗೃಹಸ್ಥರೂ ಕಲಿಯಬೇಕು ಅಂತ ಲೆಡಿ ಸಯಾಡೊ ಅಂಥ ಭಿಕ್ಷುಗಳು ಧ್ಯಾನವನ್ನು ಮಠದಿಂದ ಹೊರಗೆ ತಂದರು. ಗೋಯಂಕಾ ಅವರ ಗುರುಪರಂಪರೆ ಅಲ್ಲಿಗೇ ಹೋಗಿ ಮುಟ್ಟುತ್ತದೆ. ‘ಬರೀ ಗಮನ’ ಅನ್ನುವ ಮಾತು ಹಬ್ಬಿದ್ದು ಬರ್ಮಾದ ಮಹಾಸಿ ಸಯಾಡೊ ಅವರ ಪದ್ಧತಿಯನ್ನು ಕಲಿತ ಜರ್ಮನ್ ಭಿಕ್ಷು ಞಾಣಪೋನಿಕ ಅವರಿಂದ. ಅಂದರೆ ಕಾವಲುಗಾರನ ಕೈಯ ದೊಣ್ಣೆ ಜಾರಿದ್ದು ಧ್ಯಾನ ಅಮೆರಿಕದ ಹಡಗು ಹತ್ತುವ ಮೊದಲೇ. ಕಬಾಟ್-ಜಿನ್ ಆಮೇಲೆ ಅವನ ಸಮವಸ್ತ್ರವನ್ನೂ ಬಿಚ್ಚಿಸಿದರು. ಬೌದ್ಧ ಅನ್ನಿಸದಂತೆ ಬಹಳ ಜಾಗ್ರತೆ ಮಾಡಿದ್ದೆ ಅಂತ ಅವರೇ 2011ರಲ್ಲಿ ಬರೆದುಕೊಂಡಿದ್ದಾರೆ. ಒಳಗಿರುವುದು ಧರ್ಮದ ಸಾರವೇ ಅನ್ನುವುದೂ ಅವರ ಮಾತೇ. ಹಾಗಾದರೆ ಇದು ಸೆಕ್ಯುಲರ್ರಾ ಅಂತ ಕೇಳುವವರಿಗೆ ಅವರೇ ಸಾಕ್ಷಿ ಒದಗಿಸಿದ ಹಾಗಾಯಿತು.

ಯಾವುದು ಯಾರಿಗೆ ಅಂದರೆ, ನಿದ್ದೆಗೆ, ಬೆನ್ನುನೋವಿಗೆ ಎಂಟು ವಾರದ್ದು ಸಾಕು. ನಾನು ಈಗಲೂ ಬಾಡಿ ಸ್ಕ್ಯಾನ್ ಮಾಡುತ್ತೇನೆ. ಹತ್ತು ದಿನದ್ದು ನನಗೆ ಇನ್ನೊಮ್ಮೆ ಬೇಡ. ಮುಂಡಗೋಡಿಗೆ ಎರಡು ತಿಂಗಳಿಗೊಮ್ಮೆ ಹೋಗುತ್ತೇನೆ, ಕೊನೆಯ ಬಸ್ಸಿನ ಟೈಮು ಕೇಳಿಕೊಂಡೇ.

ನಾಲ್ಕನೇ ಭೇಟಿಯಿಂದ ಬಂದ ಮರುದಿನ ಪ್ರಾಂಶುಪಾಲರಿಗೆ ಅರ್ಜಿ ಬರೆದೆ. ತಿಂಗಳು, ಮೊತ್ತ ಮಾತ್ರ. ಇತಿಹಾಸದ ಮೇಡಂ ಓದಿ, ತಾವೂ ಒಂದು ಬರೆದು, ಇನ್ನೂ ಆರು ಮಂದಿಯಿಂದ ಬರೆಸಿದರು. ದಸರೆಯ ಹೊತ್ತಿಗೆ ಮೂರು ತಿಂಗಳದ್ದು ಬಂತು. ಎರಡು ತಿಂಗಳದ್ದು ಇನ್ನೂ ಬಾಕಿ ಇದೆ.