ಜೇಡರ ಬಲೆಯಂಥ ಚಾರ್ಟ್ ನೋಡಿ ಆಟಗಾರನನ್ನು ಆರಿಸಬೇಡಿ

ಸ್ಕೋರ್ ಲೆಕ್ಕ ಇಟ್ಟುಕೊಂಡು ತಂಡ ಆರಿಸುವವರು ದಯವಿಟ್ಟು ಇದನ್ನು ಓದಿ. ಒಂದು ಚಿತ್ರ ನಂಬಿ ನಾವು ಒಬ್ಬ ಒಳ್ಳೆಯ ಹುಡುಗನನ್ನು ಕೈಬಿಟ್ಟೆವು. ಆ ಚಿತ್ರ ಮಾಡಿದ್ದು ನಾನೇ. ಅದು ಇವತ್ತಿಗೂ ಮನಸ್ಸಿಗೆ ಚುಚ್ಚುತ್ತದೆ.

ಕಲಬುರಗಿಯಲ್ಲಿ ನಮ್ಮದೊಂದು ಸಣ್ಣ ಕ್ರಿಕೆಟ್ ತಂಡ. ಬಿಸಿಲು ಏರುವ ಮೊದಲೇ ಎನ್.ವಿ. ಮೈದಾನದಲ್ಲಿ ಸೇರುತ್ತೇವೆ. ಸ್ಕೋರ್ ಬರೆಯುವುದು ನನ್ನ ಪಾಲಿನ ಕೆಲಸ. ಹೋದ ಬೇಸಿಗೆಯಲ್ಲಿ 20 ಓವರ್‌ಗಳ ಒಂದು ಟೂರ್ನಿಗೆ ತಂಡ ಆರಿಸಬೇಕಿತ್ತು. ಹತ್ತು ಹೆಸರು ಆಗಿದ್ದವು, ಒಬ್ಬ ಆಲ್‌ರೌಂಡರ್ ಜಾಗ ಉಳಿದಿತ್ತು. ಅದಕ್ಕೆ ಇಬ್ಬರು ಇದ್ದರು. ಒಬ್ಬ ಊರಿನವನೇ, ಜೋರಾಗಿ ಬ್ಯಾಟ್ ಬೀಸುವ ಹುಡುಗ. ಇನ್ನೊಬ್ಬ ಜೇವರ್ಗಿ ಕಡೆಯಿಂದ ಮೊದಲ ಬಸ್ಸಿಗೆ ಬರುವವನು. ನಿಧಾನಕ್ಕೆ ಆಡುತ್ತಾನೆ, ಸುಲಭಕ್ಕೆ ಔಟಾಗುವುದಿಲ್ಲ.

ನಮ್ಮ 14 ಜನರಲ್ಲಿ ಯಾರು ಎಲ್ಲಿದ್ದಾರೆ ಎಂದು ನೋಡಿ, ಆರು ವಿಷಯಕ್ಕೆ ಹತ್ತರಲ್ಲಿ ಅಂಕ ಹಾಕಿದೆ. ಎಕಾನಮಿಯಲ್ಲಿ ಕಡಿಮೆ ರನ್ ಕೊಟ್ಟವನೇ ಮೇಲು, ಹಾಗಾಗಿ ಅದನ್ನು ತಿರುಗಿಸಿ ಹಾಕಿದೆ. ಹಾಳೆಯಲ್ಲಿ ಕಾಲಂಗಳು ಇದ್ದ ಕ್ರಮ ಹೀಗೆ: ಸರಾಸರಿ, ಸ್ಟ್ರೈಕ್ ರೇಟ್, ಎಕಾನಮಿ, ವಿಕೆಟ್, ಕ್ಯಾಚ್, ಬೌಂಡರಿ. ಊರಿನ ಹುಡುಗನಿಗೆ 9, 9, 3, 3, 3, 9 ಬಂತು. ಜೇವರ್ಗಿ ಹುಡುಗನಿಗೆ 9, 3, 9, 3, 9, 3. ಇಬ್ಬರಿಗೂ ಮೂರು ಒಂಬತ್ತು, ಮೂರು ಮೂರು.

ಆಮೇಲೆ ರೇಡಾರ್ ಚಾರ್ಟ್ ಮಾಡಿದೆ. ಟಿವಿಯಲ್ಲಿ ನೋಡಿರುತ್ತೀರಿ, ಜೇಡರ ಬಲೆಯ ಹಾಗೆ ಇರುತ್ತದೆ. ನಡುವಿನಿಂದ ಆರು ಕಡೆಗೆ ಆರು ಗೆರೆ, ಪ್ರತಿ ಗೆರೆಯ ಮೇಲೆ ಒಂದು ಅಂಕ. ಚುಕ್ಕೆಗಳನ್ನು ಜೋಡಿಸಿ ಒಳಗೆ ಬಣ್ಣ ತುಂಬಿದರೆ ಆಯಿತು. ಊರಿನ ಹುಡುಗನದು ಒಂದು ಕಡೆ ಅಗಲವಾಗಿ ಹರಡಿತ್ತು. ಜೇವರ್ಗಿ ಹುಡುಗನದು ಮೂರು ಚೂಪು ಮೂಲೆಯ ನಕ್ಷತ್ರದ ಹಾಗೆ ಸೊರಗಿ ಕಾಣುತ್ತಿತ್ತು. ಆಯ್ಕೆಗೆ ಕೂತಿದ್ದ ಹಿರಿಯರು ಮೊಬೈಲ್ ನೋಡಿ, "ಇದ್ರಾಗ ನೋಡೂದು ಏನದ? ಇವನೇ ದೊಡ್ಡಂವ" ಅಂದರು. ಎರಡು ನಿಮಿಷದಲ್ಲಿ ತೀರ್ಮಾನ ಆಗಿಹೋಯಿತು.

ಟೂರ್ನಿಯಲ್ಲಿ ನಮಗೆ ಬೇಕಾಗಿದ್ದದ್ದು ರನ್ ಬಿಗಿಹಿಡಿಯುವ ಐದನೇ ಬೌಲರ್. ಎರಡನೇ ಪಂದ್ಯದಲ್ಲಿ ಊರಿನ ಹುಡುಗನ ಎರಡು ಓವರ್‌ಗೆ 31 ರನ್ ಹೋಯಿತು. ಪಂದ್ಯವೂ ಹೋಯಿತು. ತಪ್ಪು ಅವನದಲ್ಲ. ಎಕಾನಮಿಯಲ್ಲಿ ಅವನಿಗೆ 3 ಅಂತ ನನ್ನ ಹಾಳೆಯಲ್ಲೇ ಇತ್ತು. ಚಿತ್ರದ ಗಾತ್ರದ ಮುಂದೆ ಆ 3 ಯಾರ ಕಣ್ಣಿಗೂ ಬೀಳಲಿಲ್ಲ.

ಮರುವಾರ ಜೇವರ್ಗಿ ಹುಡುಗ ಮೈದಾನಕ್ಕೆ ಬಂದ. "ಅಣ್ಣಾ, ನನ್ನ ನಂಬರ್ ಎಲ್ಲಿ ಕಮ್ಮಿ ಬಿದ್ದಾವ ಹೇಳ್ರಿ, ಅದನ್ನ ಸುಧಾರಿಸ್ಕೋತೀನಿ" ಅಂತ ಕೇಳಿದ. ಉತ್ತರ ಕೊಡಲು ಹಾಳೆ ತೆಗೆದೆ. ಆಗಲೇ ಗೊತ್ತಾಗಿದ್ದು, ಅಂಕ ಕೂಡಿದರೆ ಇಬ್ಬರಿಗೂ 36.

ಹಾಗಾದರೆ ಒಂದು ಚಿತ್ರ ದೊಡ್ಡದು, ಇನ್ನೊಂದು ಸಣ್ಣದು ಹೇಗೆ? ಬಲೆಯನ್ನು ನಡುವಿನಿಂದ ಕತ್ತರಿಸಿದರೆ ಆರು ತ್ರಿಕೋನ ಸಿಗುತ್ತವೆ. ಪ್ರತಿ ತ್ರಿಕೋನದ ಗಾತ್ರ ಅಕ್ಕಪಕ್ಕದ ಎರಡು ಅಂಕಗಳ ಗುಣಾಕಾರದ ಮೇಲೆ ನಿಂತಿದೆ. 9ರ ಪಕ್ಕ 9 ಬಂದರೆ 81. 9ರ ಪಕ್ಕ 3 ಬಂದರೆ ಬರೀ 27. ಬೌಂಡರಿ ಕೊನೆಯ ಕಾಲಂ ಆದರೂ, ಸುತ್ತು ಮುಗಿದಾಗ ಸರಾಸರಿಯ ಪಕ್ಕಕ್ಕೇ ಬರುತ್ತದೆ. ಹಾಗಾಗಿ ಊರಿನ ಹುಡುಗನ ಮೂರೂ ಒಂಬತ್ತುಗಳು ಒಟ್ಟಿಗೆ ಕೂತವು. ಅವನ ಆರು ಗುಣಾಕಾರ ಕೂಡಿದರೆ 234. ಜೇವರ್ಗಿ ಹುಡುಗನದು ಆರು ಸಲ 27, ಅಂದರೆ 162. ಅಂಕ ಅವೇ ಇದ್ದರೂ ಚಿತ್ರ ಶೇಕಡಾ 44ರಷ್ಟು ದೊಡ್ಡದಾಯಿತು.

ಕಾಲಂಗಳ ಜಾಗ ಬದಲಿಸಿ ನೋಡಿದೆ: ಸರಾಸರಿ, ಎಕಾನಮಿ, ಕ್ಯಾಚ್, ಸ್ಟ್ರೈಕ್ ರೇಟ್, ಬೌಂಡರಿ, ವಿಕೆಟ್. ಈಗ ಜೇವರ್ಗಿ ಹುಡುಗನದು 234, ಊರಿನವನದು 198. ದೊಡ್ಡವನು ಸಣ್ಣವನಾದ, ಸಣ್ಣವನು ದೊಡ್ಡವನಾದ! ಆ ಕ್ರಮವನ್ನು ನಾನು ಯೋಚಿಸಿ ಇಟ್ಟಿರಲೇ ಇಲ್ಲ. ಬೌಂಡರಿ ಕಾಲಂ ಆಮೇಲೆ ನೆನಪಾಯಿತು, ಕೊನೆಗೆ ಸೇರಿಸಿದ್ದೆ, ಅಷ್ಟೇ. ಒಬ್ಬ ಹುಡುಗನ ಬೇಸಿಗೆ ಅದರ ಮೇಲೆ ನಿಂತಿತ್ತು.

ಇನ್ನೊಂದು ಮೋಸ ಇದೆ. ಎಲ್ಲದರಲ್ಲೂ 8 ಬಂದವನು, ಎಲ್ಲದರಲ್ಲೂ 4 ಬಂದವನಿಗಿಂತ ಎರಡು ಪಟ್ಟು ಮೇಲು ಅಲ್ವಾ? ಬಲೆಯಲ್ಲಿ ಅವನ ಚಿತ್ರ ನಾಲ್ಕು ಪಟ್ಟು ದೊಡ್ಡದಾಗಿ ಕಾಣುತ್ತದೆ. ಅಂತರ ಇದ್ದದ್ದಕ್ಕಿಂತ ಜಾಸ್ತಿ ಉಬ್ಬುತ್ತದೆ. ಜೊತೆಗೆ ಸ್ಟ್ರೈಕ್ ರೇಟ್ ಮತ್ತು ಬೌಂಡರಿ ಬಹುಪಾಲು ಒಂದೇ ಗುಣ. ಜೋರಾಗಿ ಹೊಡೆಯುವವನಿಗೆ ಎರಡರಲ್ಲೂ ಅಂಕ ಬೀಳುತ್ತದೆ. ನಾನು ಒಂದೇ ಗುಣಕ್ಕೆ ಎರಡು ಸಲ ಬೆಲೆ ಕಟ್ಟಿದ್ದೆ.

1984ರಲ್ಲಿ ವಿಲಿಯಂ ಕ್ಲೀವ್‌ಲ್ಯಾಂಡ್ ಮತ್ತು ರಾಬರ್ಟ್ ಮೆಕ್‌ಗಿಲ್ ಎಂಬ ಇಬ್ಬರು ಅಮೆರಿಕದಲ್ಲಿ, ಚಾರ್ಟ್‌ಗಳನ್ನು ನಮ್ಮ ಕಣ್ಣು ಎಷ್ಟು ಸರಿಯಾಗಿ ಓದುತ್ತದೆ ಎಂದು ಜನರ ಮೇಲೆ ಪರೀಕ್ಷೆ ಮಾಡಿ ನೋಡಿದ್ದರು. ಒಂದೇ ಅಳತೆಪಟ್ಟಿಯ ಮೇಲೆ ಇಟ್ಟ ಗುರುತುಗಳನ್ನು ನಮ್ಮ ಕಣ್ಣು ಚೆನ್ನಾಗಿ ಹೋಲಿಸುತ್ತದೆ. ಹರವು ನೋಡಿ ಹೋಲಿಸುವಾಗ ತಪ್ಪು ಹೆಚ್ಚು. ಬಲೆಯ ಚಾರ್ಟ್ ನಮ್ಮಿಂದ ಮಾಡಿಸುವುದು ಈ ಎರಡನೆಯದನ್ನೇ.

ಈಗ ನಾನು ಮಾಡುವುದು ಬಹಳ ಸರಳ. ಒಂದು ವಿಷಯಕ್ಕೆ ಒಂದು ಅಡ್ಡ ಗೆರೆ, ಎಡಕ್ಕೆ 0, ಬಲಕ್ಕೆ 10. ಅದೇ ಗೆರೆಯ ಮೇಲೆ ಇಬ್ಬರಿಗೂ ಒಂದೊಂದು ಚುಕ್ಕೆ, ಬೇರೆ ಬೇರೆ ಬಣ್ಣ. ಆರು ಗೆರೆ ಒಂದರ ಕೆಳಗೊಂದು. ಗೆರೆಗಳನ್ನು ಮೇಲೆ ಕೆಳಗೆ ಮಾಡಿದರೂ ಚುಕ್ಕೆಗಳ ನಡುವಿನ ಅಂತರ ಬದಲಾಗುವುದಿಲ್ಲ. ತಂಡಕ್ಕೆ ಆಗ ಬೇಕಾದ ವಿಷಯವನ್ನು ಎಲ್ಲಕ್ಕಿಂತ ಮೇಲೆ ಇಡುತ್ತೇನೆ. ಐದನೇ ಬೌಲರ್ ಬೇಕಿದ್ದರೆ ಮೊದಲ ಗೆರೆಯೇ ಎಕಾನಮಿ. ಅವತ್ತು ಹೀಗೆ ಇಟ್ಟಿದ್ದರೆ 9 ಮತ್ತು 3ರ ನಡುವಿನ ಅಂತರ ಹಿರಿಯರಿಗೆ ಮೊದಲೇ ಕಾಣುತ್ತಿತ್ತು.

ಚಾರ್ಟ್ ಮಾಡುವ ತಾಳ್ಮೆ ಇಲ್ಲದಿದ್ದರೆ ಹಾಳೆಯಲ್ಲೇ ಪಟ್ಟಿ ಎಳೆಯಬಹುದು. ಅಂಕ B2ರಲ್ಲಿ ಇದ್ದರೆ ಪಕ್ಕದ ಖಾನೆಯಲ್ಲಿ ಇಷ್ಟು ಬರೆಯಿರಿ:

```
=REPT("█", B2)
```

9 ಇದ್ದರೆ ಒಂಬತ್ತು ತುಂಡು, 3 ಇದ್ದರೆ ಮೂರು. ಕೆಳಗಿನ ಸಾಲುಗಳಿಗೂ ಎಳೆದರೆ ಎಲ್ಲರ ಪಟ್ಟಿಯೂ ಬರುತ್ತದೆ. ಇಬ್ಬರು ಮೂವರು ಆಟಗಾರರಿಗೆ ಚುಕ್ಕೆ ಸಾಕು. 14 ಜನರನ್ನು ಒಟ್ಟಿಗೆ ನೋಡಬೇಕಾದರೆ ಚುಕ್ಕೆಗಳು ಒಂದರ ಮೇಲೊಂದು ಬೀಳುತ್ತವೆ. ಆಗ ಈ ಪಟ್ಟಿಯೇ ಒಳ್ಳೆಯದು.

ಪ್ರತಿ ಅಂಕದ ಪಕ್ಕ ಅದು ಎಷ್ಟು ಬಾಲ್‌ನಿಂದ ಬಂತು ಎಂದು ಬರೆಯುವುದನ್ನು ಮರೆಯಬೇಡಿ. ಊರಿನ ಹುಡುಗನ ಸ್ಟ್ರೈಕ್ ರೇಟ್ ಬರೀ 41 ಬಾಲ್ ಆಡಿ ಬಂದದ್ದು. ಇನ್ನೊಬ್ಬ 190 ಬಾಲ್ ಆಡಿದ್ದ. 41 ಬಾಲ್‌ನಲ್ಲಿ ಎರಡು ಸಿಕ್ಸರ್ ತಪ್ಪಿದ್ದರೂ ಅಂಕ ಕೆಳಗೆ ಜಾರುತ್ತದೆ. ಬಲೆಯೊಳಗೆ ಈ ಮಾತು ಬರೆಯಲು ಜಾಗವೇ ಇಲ್ಲ.

ದುಂಡನೆಯ ಚಿತ್ರಗಳೆಲ್ಲ ಕೆಟ್ಟವು ಅಂತ ನಾನು ಹೇಳುತ್ತಿಲ್ಲ. ಬ್ಯಾಟ್ಸ್‌ಮನ್ ಯಾವ ದಿಕ್ಕಿಗೆ ಎಷ್ಟು ರನ್ ಹೊಡೆದ ಅಂತ ತೋರಿಸಲು ಅದು ಸರಿ. ಕವರ್ ಪಕ್ಕ ಪಾಯಿಂಟ್ ಇರುವುದು ಮೈದಾನದಲ್ಲೇ ಇರುವ ಕ್ರಮ. ಸರಾಸರಿಯ ಪಕ್ಕ ಬೌಂಡರಿ ಬರಬೇಕು ಅಂತ ಎಲ್ಲಿದೆ?

ಜೇವರ್ಗಿ ಹುಡುಗನಿಗೆ ಹೊಸ ಹಾಳೆ ತೋರಿಸಿ, ಆದದ್ದನ್ನೆಲ್ಲ ಹೇಳಿದೆ, ಕ್ಷಮೆ ಕೇಳಿದೆ. ಅವನು ಸ್ಟ್ರೈಕ್ ರೇಟಿನ ಗೆರೆ ಮೇಲೆ ಬೆರಳಿಟ್ಟು, "ಇದು 3 ಖರೆನೇ ಅದ, ಅಣ್ಣಾ" ಅಂದ. ಈಗ ವಾರಕ್ಕೆ ಮೂರು ದಿನ ನೆಟ್ಸ್‌ನಲ್ಲಿ ಬರೀ ದೊಡ್ಡ ಹೊಡೆತ ಅಭ್ಯಾಸ ಮಾಡುತ್ತಿದ್ದಾನೆ.