ಪಾದರಸದ ದೀಪಕ್ಕೆ ಯಾವ ಗ್ರೇಟಿಂಗ್: 300 ಗೆರೆಯದ್ದೋ, 600 ಗೆರೆಯದ್ದೋ?

ಪಾದರಸದ ಹಳದಿ ಜೋಡಿ ಗೆರೆಗಳು 577.0 ಮತ್ತು 579.1 ನ್ಯಾನೋಮೀಟರ್‌ನಲ್ಲಿವೆ. ಇವನ್ನು ಅಳೆಯಲು ಎರಡು ಗ್ರೇಟಿಂಗ್ ಬಳಸಿ ನೋಡಿದೆ. ಒಂದರಲ್ಲಿ ಮಿಲಿಮೀಟರ್‌ಗೆ 300 ಗೆರೆ, ಇನ್ನೊಂದರಲ್ಲಿ 600. ಮೊದಲನೆಯದನ್ನು ಮೂರನೇ ಆರ್ಡರ್‌ನಲ್ಲಿ, ಎರಡನೆಯದನ್ನು ಎರಡನೇ ಆರ್ಡರ್‌ನಲ್ಲಿ ಇಟ್ಟು ನೋಡಿದೆ. ನನ್ನ ಆಯ್ಕೆ 600ರದ್ದು. ಆದರೆ ಅದಕ್ಕೆ ಕಾರಣ ರೆಸಾಲ್ವಿಂಗ್ ಪವರ್ ಅಲ್ಲ.

ರೆಸಾಲ್ವಿಂಗ್ ಪವರ್ ಅಂದರೆ `R = mN`. m ಆರ್ಡರ್, N ಬೆಳಕು ಬಿದ್ದ ಒಟ್ಟು ಗೆರೆಗಳು. ಬೆಳಕು 20 ಮಿಲಿಮೀಟರ್ ಅಗಲ ಬಿದ್ದರೆ 300ರದ್ದಕ್ಕೆ 18000, 600ರದ್ದಕ್ಕೆ 24000 ಬರುತ್ತದೆ. ಹಳದಿ ಜೋಡಿಯನ್ನು ಬಿಡಿಸಲು ಬೇಕಾದದ್ದು ಬರೀ 275ರಷ್ಟು! ಎರಡರಲ್ಲೂ ಬೇಕಾದ್ದಕ್ಕಿಂತ ತುಂಬಾ ಜಾಸ್ತಿ ಇದೆ. ಗೆರೆಗಳು ಮಸುಕಾಗಿ ಕಂಡರೆ ಗ್ರೇಟಿಂಗ್ ಬದಲಿಸುವ ಮೊದಲು ಕಾಲಿಮೇಟರ್‌ನ ಸ್ಲಿಟ್ ಕಿರಿದು ಮಾಡಿ, ಫೋಕಸ್ ಸರಿ ಮಾಡಿ ನೋಡಿ.

ನಿಜವಾದ ವ್ಯತ್ಯಾಸ ಕಂಡದ್ದು ಆರ್ಡರ್‌ಗಳು ಒಂದರ ಮೇಲೊಂದು ಬೀಳುವಲ್ಲಿ. 300ರ ಗ್ರೇಟಿಂಗ್‌ನಲ್ಲಿ ಹಳದಿ ಗೆರೆಗಳು 31°17′ ಮತ್ತು 31°25′ರಲ್ಲಿ ಬರುತ್ತವೆ. ಅದಕ್ಕೆ ಅಂಟಿಕೊಂಡಂತೆ 31°32′ರಲ್ಲಿ ಇನ್ನೊಂದು ಗೆರೆ! ಅದು 435.8ರ ನೀಲಿ ಗೆರೆ, ನಾಲ್ಕನೇ ಆರ್ಡರ್‌ನದ್ದು. ಗ್ರೇಟಿಂಗ್‌ಗೆ ಗೊತ್ತಾಗುವುದು mλ ಮಾತ್ರ. 577.0 ಮತ್ತು 579.1ನ್ನು ಮೂರರಿಂದ ಗುಣಿಸಿದರೆ 1731 ಮತ್ತು 1737. 435.8ನ್ನು ನಾಲ್ಕರಿಂದ ಗುಣಿಸಿದರೆ 1743. ಮೂರೂ ಸಮ ಅಂತರದಲ್ಲಿ ಸಾಲಾಗಿ ನಿಲ್ಲುತ್ತವೆ.

ಕಣ್ಣಿಗೆ ಬಣ್ಣ ಕಾಣುವುದರಿಂದ ತೊಂದರೆ ಇಲ್ಲ. ಕಪ್ಪುಬಿಳುಪು ಕ್ಯಾಮೆರಾ ಇಟ್ಟರೆ ಕಥೆ ಬೇರೆ. ಆ ನೀಲಿ ಗೆರೆ 581.1 ನ್ಯಾನೋಮೀಟರ್‌ನ ಹೊಸ ಹಳದಿ ಗೆರೆ ಅನ್ನಿಸಿಬಿಡುತ್ತದೆ. ಪತ್ತೆ ಮಾಡುವುದು ಸುಲಭ: ದಾರಿಯಲ್ಲಿ ಹಳದಿ ಫಿಲ್ಟರ್ ಇಡಿ, ನೀಲಿ ಮಾಯವಾಗುತ್ತದೆ. ಇಲ್ಲವೇ ಅದೇ ಗ್ರೇಟಿಂಗ್‌ನ ಎರಡನೇ ಆರ್ಡರ್ ನೋಡಿ, ಅಲ್ಲಿ ಹಳದಿ ಪಕ್ಕದಲ್ಲಿ ಯಾರೂ ಇರುವುದಿಲ್ಲ.

600ರ ಗ್ರೇಟಿಂಗ್‌ನ ಎರಡನೇ ಆರ್ಡರ್‌ನಲ್ಲಿ ಹಳದಿ ಜೋಡಿ 44°ಯ ಹತ್ತಿರ ಬರುತ್ತದೆ. ಅಂತರ ಸುಮಾರು 12′. 300ರಲ್ಲಿ ಸಿಗುವುದು 8′ ಅಷ್ಟೇ. ಮೂರನೇ ಆರ್ಡರ್‌ನ ನೇರಳೆ ಗೆರೆ 404.7 ಬರುವುದು 46° ದಾಟಿದ ಮೇಲೆ, ಹಾಗಾಗಿ ಹಳದಿ ಜಾಗ ಖಾಲಿ. ಆದರೆ 607ಕ್ಕಿಂತ ಆಚೆಯ ಕೆಂಪನ್ನು ಅಳೆಯುವವರಿಗೆ ಇಲ್ಲೂ ಫಿಲ್ಟರ್ ಬೇಕು.

ಸೋಡಿಯಂ ದೀಪವಾದರೆ 300ರದ್ದೂ ಸಾಕು. ಅದರ ಬೆಳಕು ಬಹುಪಾಲು ಹಳದಿಯೇ ಅಲ್ವಾ, ಅಡ್ಡ ಬರುವ ಗೆರೆಗಳಿಲ್ಲ. ರೆಸಾಲ್ವಿಂಗ್ ಪವರ್‌ನ ಮಿತಿಯನ್ನು ಕಣ್ಣಾರೆ ನೋಡಬೇಕೆಂದರೂ ಅದೇ ಒಳ್ಳೆಯದು. 589.0 ಮತ್ತು 589.6 ಬಿಡಿಸಲು R ಸುಮಾರು 1000 ಬೇಕು. ಗ್ರೇಟಿಂಗ್ ಮುಂದೆ ಕಪ್ಪು ಕಾಗದ ಇಟ್ಟು ಬೆಳಕಿನ ಅಗಲ ಕಡಿಮೆ ಮಾಡುತ್ತಾ ಹೋಗಿ. 300ರದ್ದರಲ್ಲಿ ಮೂರನೇ ಆರ್ಡರ್‌ನ ಜೋಡಿ 1.1 ಮಿಲಿಮೀಟರ್ ಹತ್ತಿರ ಒಂದಾಗುತ್ತದೆ. 600ರದ್ದರಲ್ಲಿ ಎರಡನೇ ಆರ್ಡರ್‌ನದ್ದು 0.8ರವರೆಗೂ ಬೇರೆಯಾಗಿ ಉಳಿಯುತ್ತದೆ.